ಒಂದೇ ಹೆಸರಿನ ಎರಡು ಪುಸ್ತಕಗಳು

ಕುತುಬ್ ಮಿನಾರಿನ ಮೇಲಿನ ಪಟ್ಟಿಗಳಲ್ಲಿರುವ ಶಾಸನಗಳನ್ನು ನೆಲದ ಮೇಲೆ ನಿಂತು ಓದಲಾಗುವುದಿಲ್ಲ. 1840ರ ದಶಕದಲ್ಲಿ ದೆಹಲಿಯ ಮುನ್ಸೀಫರೊಬ್ಬರು ಅದಕ್ಕೊಂದು ಉಪಾಯ ಕಂಡುಕೊಂಡರು. ಎರಡು ಗಳಗಳ ನಡುವೆ, ನಮ್ಮ ಅಡುಗೆಮನೆಯಲ್ಲಿ ಮೊಸರಿನ ಗಡಿಗೆಗೆ ಕಟ್ಟುವ ನೆಲುವಿನಂಥದ್ದನ್ನು ಕಟ್ಟಿಸಿ, ಅದರಲ್ಲಿ ತಾವೇ ಕುಳಿತು ಒಂದೊಂದು ಶಾಸನವನ್ನೂ ನಕಲು ಮಾಡಿಕೊಂಡರು. ಕೆಳಗೆ ನಿಂತಿದ್ದ ಗೆಳೆಯ, ಫಾರ್ಸಿ ವಿದ್ವಾಂಸ ಇಮಾಂ ಬಖ್ಷ್ ಸಹ್ಬಾಯಿಯವರ ಮುಖ ಭಯದಿಂದ ಬಿಳಿಚಿಕೊಳ್ಳುತ್ತಿತ್ತಂತೆ. ಆ ಮುನ್ಸೀಫರೇ ಮುಂದೆ ಸರ್ ಸಯ್ಯದ್ ಅಹ್ಮದ್ ಖಾನ್ ಎಂದು ಹೆಸರಾದವರು. ಈ ಪ್ರಸಂಗವನ್ನು ಹೇಳಿದವರು ಅವರ ಜೀವನ ಚರಿತ್ರೆ ಬರೆದ ಅಲ್ತಾಫ್ ಹುಸೇನ್ ಹಾಲಿ.

ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಈ ನೆಲುವಿನ ಕಥೆ ಗೊತ್ತು. ಪರಿಶ್ರಮಕ್ಕೆ ಉದಾಹರಣೆಯಾಗಿ ಉಸ್ತಾದರು ಅದನ್ನು ಹೇಳುತ್ತಿದ್ದರು. ಆದರೆ ಅಷ್ಟು ಪಾಡುಪಟ್ಟು ಬರೆದ ಪುಸ್ತಕವನ್ನು ಏಳೇ ವರ್ಷಗಳಲ್ಲಿ ಅವರೇ ಬಿಚ್ಚಿ ಹಾಕಿ ಬೇರೆಯಾಗಿ ಬರೆದರು ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ. ನೆಲುವಿನಲ್ಲಿ ಕೂರುವುದಕ್ಕಿಂತ ಅದು ಕಷ್ಟದ ಕೆಲಸವೆಂದು ನಮಗೆ ಈಗ ಅನ್ನಿಸುತ್ತದೆ.

ಪುಸ್ತಕದ ಹೆಸರು ‘ಆಸಾರುಸ್ಸನಾದೀದ್’. ಮಹನೀಯರ ಕುರುಹುಗಳು ಎನ್ನಬಹುದು. ಮೊದಲು ಅಚ್ಚಾದದ್ದು 1847ರಲ್ಲಿ. ಆಗ ಲೇಖಕರಿಗೆ ಮೂವತ್ತು ವರ್ಷ. ಅದರಲ್ಲಿ ನಾಲ್ಕು ಅಧ್ಯಾಯಗಳು. ಊರ ಹೊರಗಿನ ಕಟ್ಟಡಗಳು, ಕೆಂಪುಕೋಟೆ, ಶಾಹಜಹಾನಾಬಾದ್ ನಗರ, ಕೊನೆಗೆ ದೆಹಲಿಯ ಜನ. ನೂರಕ್ಕೂ ಹೆಚ್ಚು ಕಟ್ಟಡಗಳ ಚಿತ್ರಗಳನ್ನು ಬರೆಸಿ ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. ಗದ್ಯ ಮಾತ್ರ ಆ ಕಾಲದ ದರ್ಬಾರಿ ಗದ್ಯ. ವಾಕ್ಯದ ತುದಿಗೆ ಪ್ರಾಸ, ಗುಂಬಜ್ ಕಂಡರೆ ಆಕಾಶಕ್ಕೆ ನಾಚಿಕೆ, ಕೊಳ ಕಂಡರೆ ಸ್ವರ್ಗದ ಕಾಲುವೆಗೆ ಹೊಟ್ಟೆಕಿಚ್ಚು ಎನ್ನುವ ಜಾತಿಯದು. ಈ ಬರವಣಿಗೆಯಲ್ಲಿ ಸಹ್ಬಾಯಿಯವರ ಕೈಯೂ ಇತ್ತೆಂದು ಹಾಲಿ ತಿಳಿಸುತ್ತಾರೆ. ಇಂಥ ಗದ್ಯದಲ್ಲಿ ಒಂದು ಅನುಕೂಲವಿದೆ: ಮಸೀದಿಯನ್ನು ಯಾರು, ಯಾವಾಗ ಕಟ್ಟಿಸಿದರೆಂದು ಗೊತ್ತಿಲ್ಲದಿದ್ದರೂ ಅರ್ಧ ಪುಟ ಬರೆದುಬಿಡಬಹುದು. ಹೊಗಳಿಕೆಯನ್ನು ಯಾರೂ ತಪ್ಪು ಎನ್ನಲಾರರು, ಏಕೆಂದರೆ ಅದು ಏನನ್ನೂ ಹೇಳಿರುವುದಿಲ್ಲ.

1854ರ ಎರಡನೆಯ ಆವೃತ್ತಿಯನ್ನು ತೆರೆದರೆ ಬೇರೆಯೇ ಮನುಷ್ಯ ಮಾತನಾಡುತ್ತಾನೆ. ಪ್ರಾಸ ಹೋಗಿದೆ. ವಾಕ್ಯಗಳು ಚಿಕ್ಕವಾಗಿವೆ. ನಡೆದು ಹೋಗುವವನಿಗೆ ಎದುರಾಗುವ ಕ್ರಮದಲ್ಲಿ ಕಟ್ಟಡಗಳನ್ನು ಹೇಳದೆ ಕಾಲಾನುಕ್ರಮದಲ್ಲಿ ಹೇಳಲಾಗಿದೆ. ಮೊದಲು ದೆಹಲಿಯನ್ನಾಳಿದವರ ವಿವರ, ಆಮೇಲೆ ಕೋಟೆಗಳು, ಆಮೇಲೆ ಒಂದೊಂದಾಗಿ ಕಟ್ಟಡಗಳು. ಕಟ್ಟಿಸಿದವರು ಯಾರು, ಯಾವ ವರ್ಷ, ಈ ಮಾತಿಗೆ ಯಾವ ಗ್ರಂಥ ಆಧಾರ ಎಂದು ತಿಳಿಸಲಾಗಿದೆ. ಶಾಸನಗಳ ಪಾಠವನ್ನೂ ಕೊಡಲಾಗಿದೆ. ಉರ್ದು ಸಾಹಿತ್ಯದ ವಿದ್ವಾಂಸ ಸಿ. ಎಂ. ನಯೀಮ್ 2011ರ ಲೇಖನವೊಂದರಲ್ಲಿ ಇವನ್ನು ಒಂದು ಪುಸ್ತಕದ ಎರಡು ಆವೃತ್ತಿಗಳೆನ್ನದೆ, ಒಂದೇ ಹೆಸರಿನ ಎರಡು ಪುಸ್ತಕಗಳೆಂದರು. ನಮ್ಮ ಶೀರ್ಷಿಕೆ ಅವರಿಂದ ಪಡೆದ ಸಾಲ.

ಈ ಬದಲಾವಣೆ ತಾನಾಗಿಯೇ ಆದದ್ದಲ್ಲ. ದೆಹಲಿಯ ಇಂಗ್ಲಿಷ್ ಅಧಿಕಾರಿ ರಾಬರ್ಟ್ಸ್ ಎಂಬುವರು ಮೊದಲ ಪುಸ್ತಕವನ್ನು ಮೆಚ್ಚಿ, ಲೇಖಕರ ನೆರವಿನಿಂದ ಇಂಗ್ಲಿಷಿಗೆ ತರಲು ಹೊರಟರು. ಅನುವಾದ ಮುಗಿಯಲಿಲ್ಲ. ಆದರೆ ಪಕ್ಕದಲ್ಲಿ ಕುಳಿತು ತನ್ನದೇ ವಾಕ್ಯದ ಅರ್ಥ ಹೇಳಬೇಕಾಗಿ ಬಂದ ಲೇಖಕನಿಗೆ ಏನಾಗಿರಬೇಕೆಂದು ನಾವು ಊಹಿಸಬಲ್ಲೆವು. ‘ಇದರ ಅರ್ಥವೇನು?’ ಎಂದು ಮಗ್ಗುಲಲ್ಲಿದ್ದವನು ಕೇಳಿದಾಗ ‘ಏನಿಲ್ಲ, ಕೇಳಲು ಚೆನ್ನಾಗಿದೆ’ ಎಂದು ಎಷ್ಟು ಸಲ ಹೇಳಲಾದೀತು? ಹೊಗಳುವವರಿಂದ ಕಲಿಯಲಾಗದ್ದನ್ನು ಅನುವಾದಿಸುವವರಿಂದ ಕಲಿಯಬಹುದು. ನಮ್ಮ ಕಥೆಗಳನ್ನು ಬೇರೆ ಭಾಷೆಗೆ ಒಯ್ದವರು ಕೇಳಿದ ಪ್ರಶ್ನೆಗಳು ಇಂದಿಗೂ ನಮ್ಮ ಕಿವಿಯಲ್ಲಿವೆ.

ಇಷ್ಟಾದರೂ ಎರಡನೆಯ ಪುಸ್ತಕದಲ್ಲಿ ತಪ್ಪುಗಳಿಲ್ಲವೆಂದಲ್ಲ. ದೊಡ್ಡದೊಂದು ತಪ್ಪು ಕುತುಬ್ ಮಿನಾರಿನದೇ. ಅದರ ಮೊದಲ ಅಂತಸ್ತು ಹಿಂದೂ ಅರಸರ ಕಾಲದ್ದೆಂದು ಸರ್ ಸಯ್ಯದ್ ವಾದಿಸಿದರು. ಪುರಾತತ್ವ ಇಲಾಖೆಯ ಕನ್ನಿಂಗ್‌ಹ್ಯಾಂ ಮುಂದೆ ತಮ್ಮ ವರದಿಗಳಲ್ಲಿ ಇದನ್ನು ಒಪ್ಪಲಿಲ್ಲ. ಕುತುಬುದ್ದೀನ್ ಐಬಕ್ ಆರಂಭಿಸಿದ್ದನ್ನು ಇಲ್ತುತ್ಮಿಶ್ ಮುಂದುವರಿಸಿದ ಎಂಬುದೇ ಇಂದು ವಿದ್ವಾಂಸರು ಒಪ್ಪಿರುವ ಮಾತು. (ತನ್ನವರ ಕಟ್ಟಡವೆಂದು ಹೆಮ್ಮೆಪಡಬಹುದಾಗಿದ್ದ ಜಾಗದಲ್ಲಿ ಒಬ್ಬ ಮುಸ್ಲಿಂ ವಿದ್ವಾಂಸ ಎದುರು ಪಕ್ಷದ ಪರ ವಾದಿಸಿ ತಪ್ಪಿದರು ಎಂಬುದು ಇಂದಿನ ಗಲಾಟೆಯವರಿಗೆ ಎರಡೂ ಕಡೆಯಿಂದ ಅನನುಕೂಲದ ಸಂಗತಿ.) ಇಲ್ಲಿ ನಾವು ಗಮನಿಸಬೇಕಾದದ್ದು ಬೇರೆ. ಕನ್ನಿಂಗ್‌ಹ್ಯಾಂ ಅವರೊಡನೆ ವಾದಕ್ಕಿಳಿಯಲು ಸಾಧ್ಯವಾದದ್ದು ಅವರು ಕಾರಣಗಳನ್ನು ಕೊಟ್ಟು ಬರೆದಿದ್ದರಿಂದ. ಆಕಾಶಕ್ಕೆ ನಾಚಿಕೆಯಾಯಿತೆಂಬ ವಾಕ್ಯದೊಡನೆ ಯಾವ ಕನ್ನಿಂಗ್‌ಹ್ಯಾಂ ವಾದ ಮಾಡಿಯಾನು? 1847ರ ಪುಸ್ತಕವನ್ನು ಮೆಚ್ಚಬಹುದು ಅಥವಾ ಬಿಡಬಹುದು. 1854ರದ್ದನ್ನು ತಿದ್ದಬಹುದು. ‘ನಾನು ತಪ್ಪಿದೆ’ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ಇನ್ನೊಬ್ಬ ತನ್ನ ತಪ್ಪನ್ನು ಹಿಡಿಯಲು ಬೇಕಾದ ಸಾಮಾನನ್ನೆಲ್ಲ ಅವನ ಕೈಗೆ ಕೊಟ್ಟು ಬರೆಯುವುದು ದೊಡ್ಡ ಒಪ್ಪಿಗೆ ಎಂದು ನಾವು ತಿಳಿಯುತ್ತೇವೆ.

ಇದೇ ಲೇಖಕರು 1848ರಲ್ಲಿ, ಎಂದರೆ ಎರಡೂ ಆವೃತ್ತಿಗಳ ನಡುವೆ, ಭೂಮಿ ಚಲಿಸುವುದಿಲ್ಲವೆಂದು ಸಾಧಿಸುವ ಒಂದು ಕಿರುಹೊತ್ತಗೆ ಬರೆದಿದ್ದರು. ಅವರು ಅನಕ್ಷರಸ್ಥ ಮನೆತನದವರೇನಲ್ಲ. ತಾಯಿಯ ತಂದೆ ಖ್ವಾಜಾ ಫರೀದುದ್ದೀನ್ ಗಣಿತ ಮತ್ತು ಖಗೋಳದಲ್ಲಿ ಹೆಸರಾದವರು. ಹಳೆಯ ಖಗೋಳವನ್ನು ಚೆನ್ನಾಗಿ ಕಲಿತಿದ್ದರಿಂದಲೇ ಹೊಸದನ್ನು ಖಂಡಿಸುವ ಧೈರ್ಯ ಬಂದಿರಬೇಕು. ಮುಂದೆ ಆ ನಿಲುವನ್ನು ಅವರು ಬಿಟ್ಟುಕೊಟ್ಟರು. 1864ರ ಹೊತ್ತಿಗೆ ಗಾಜೀಪುರದಲ್ಲಿ ಸೈಂಟಿಫಿಕ್ ಸೊಸೈಟಿ ಕಟ್ಟಿ, ಪಶ್ಚಿಮದ ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತರಿಸುವ ಕೆಲಸಕ್ಕೆ ಇಳಿದಿದ್ದರು. ತಮ್ಮ ಹೊತ್ತಗೆಗೆ ತಾವೇ ಉತ್ತರ ಬರೆಸಿದಂತೆ.

ಆದರೆ ಇವರು ತಿದ್ದುವವರ ಮುಂದೆ ಯಾವಾಗಲೂ ತಲೆಬಾಗಿದರೆಂದು ಬರೆದರೆ ನಾವೂ ದರ್ಬಾರಿ ಗದ್ಯ ಬರೆದಂತಾಗುತ್ತದೆ. ಅಬುಲ್ ಫಜಲನ ‘ಆಯಿನೆ ಅಕ್ಬರಿ’ಯನ್ನು ಸಂಪಾದಿಸಿದಾಗ ಅವರು ಮಿರ್ಜಾ ಗಾಲಿಬರನ್ನು ಪ್ರಶಂಸೆಯ ನಾಲ್ಕು ಮಾತು ಕೇಳಿದರು. ಗಾಲಿಬ್ ಫಾರ್ಸಿಯಲ್ಲಿ ಒಂದು ಪದ್ಯವನ್ನೇ ಬರೆದು ಕಳುಹಿಸಿದರು. ಅದರಲ್ಲಿದ್ದದ್ದು ಪ್ರಶಂಸೆಯಲ್ಲ. ಅಕ್ಬರನ ಕಾಲದ ಕಟ್ಟಳೆಗಳನ್ನು ಕೆದಕುತ್ತ ಕೂತಿದ್ದೀರಲ್ಲ, ಇಂಗ್ಲಿಷರು ಉಗಿಯಿಂದ ಹಡಗು ನಡೆಸುತ್ತಿದ್ದಾರೆ, ಅತ್ತ ನೋಡಿ ಎಂಬುದು ಅದರ ತಾತ್ಪರ್ಯ. 1855ರಲ್ಲಿ ಪುಸ್ತಕ ಬಂದಾಗ ಆ ಪದ್ಯ ಅದರಲ್ಲಿರಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಸರ್ ಸಯ್ಯದ್ ಗಾಲಿಬ್ ತೋರಿಸಿದ ದಿಕ್ಕಿನಲ್ಲೇ ಹೊರಟಿದ್ದರು. ಆದರೆ ಪದ್ಯ ಕೈಗೆ ಬಂದ ದಿನ ಅವರು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಅದನ್ನು ಪಕ್ಕಕ್ಕಿಟ್ಟರು.

ಇನ್ನೊಂದು ಮಾತು ಇದಕ್ಕಿಂತ ತೊಡಕಿನದು. ಎರಡನೆಯ ಆವೃತ್ತಿಯಲ್ಲಿ ಪ್ರಾಸದೊಡನೆ ಚಿತ್ರಗಳೂ ಹೋದವು, ದೆಹಲಿಯ ಜನರ ಬಗೆಗಿನ ನಾಲ್ಕನೆಯ ಅಧ್ಯಾಯವೂ ಹೋಯಿತು. ಕಟ್ಟಡಗಳ ಇತಿಹಾಸದಲ್ಲಿ ಸೂಫಿಗಳು, ಹಕೀಮರು, ಕವಿಗಳು, ಗಾಯಕರು ಏಕೆ ಎಂದು ಹೊಸ ಶಿಸ್ತು ಕೇಳಿತು. ಶಿಸ್ತಿನ ಪ್ರಶ್ನೆ ಸರಿಯಾದದ್ದೇ. ಆದರೆ ಮೂರು ವರ್ಷಕ್ಕೆ 1857 ಬಂತು. ಇಂಗ್ಲಿಷ್ ಸೈನ್ಯ ನಗರವನ್ನು ಮರಳಿ ಹಿಡಿದಾಗ ನೆಲುವಿನ ಕೆಳಗೆ ನಿಂತು ಭಯಪಟ್ಟಿದ್ದ ಸಹ್ಬಾಯಿಯವರು ಮಕ್ಕಳೊಂದಿಗೆ ಕೊಲ್ಲಲ್ಪಟ್ಟರು. ಕೋಟೆಯ ಸುತ್ತಣ ಕಟ್ಟಡಗಳನ್ನು ನೆಲಸಮ ಮಾಡಲಾಯಿತು. ಅದರಲ್ಲಿ ಅಕ್ಬರಾಬಾದಿ ಮಸೀದಿಯೂ ಹೋಯಿತು. ಆ ಮಸೀದಿ ಹೇಗಿತ್ತೆಂದು ಇಂದು ತಿಳಿಯಬೇಕಾದವರು ನೋಡುವುದು ‘ಆಸಾರ್’ನ ಮೊದಲ ಆವೃತ್ತಿಯ ಚಿತ್ರವನ್ನು. ಸಹ್ಬಾಯಿಯವರ ದೆಹಲಿ ಯಾವ ಜನರಿಂದ ತುಂಬಿತ್ತೆಂದು ತಿಳಿಯಲು ನೋಡುವುದು ಲೇಖಕರು ಕಿತ್ತುಹಾಕಿದ ಆ ಅಧ್ಯಾಯವನ್ನು. 2018ರಲ್ಲಿ ರಾಣಾ ಸಫ್ವಿ ಇಂಗ್ಲಿಷಿಗೆ ಅನುವಾದಿಸಿದಾಗ ಎರಡೂ ಆವೃತ್ತಿಗಳನ್ನು ಎದುರಿಗಿಟ್ಟುಕೊಳ್ಳಬೇಕಾಯಿತು. ತಿದ್ದಿದವರು ಸರಿಯಾಗಿಯೇ ತಿದ್ದಿದ್ದರು, ಆದರೂ ತಿದ್ದುಪಡಿಯಲ್ಲಿ ಒಂದು ಊರು ಬಿದ್ದುಹೋಗಿತ್ತು. ಮೊದಲನೆಯದರ ಪ್ರತಿಗಳು ಅಲ್ಲಲ್ಲಿ ಉಳಿದದ್ದರಿಂದ ಬಚಾವಾಯಿತು.

ನಾವು ಈ ಎರಡು ಪುಸ್ತಕಗಳ ಬೆನ್ನು ಹತ್ತಿದ್ದಕ್ಕೆ ನಮ್ಮದೇ ಒಂದು ಕಾರಣವಿದೆ. ಕನ್ನಡದಲ್ಲಿ ‘ಪರಿಷ್ಕೃತ ಮುದ್ರಣ’ ಎಂದು ಬರುವ ಎಷ್ಟೋ ಪುಸ್ತಕಗಳಲ್ಲಿ ಪರಿಷ್ಕಾರವಾದದ್ದು ಏನು ಎಂಬುದಕ್ಕೆ ಒಂದು ಸಾಲಿನ ಉತ್ತರವಿರುವುದಿಲ್ಲ. ನಮ್ಮ ಮೊದಲ ಕಥಾಸಂಕಲನದ ಎರಡನೆಯ ಮುದ್ರಣವೂ ಅಂಥದೇ. ಅದರ ಒಂದು ಕಥೆಯಲ್ಲಿ ಹತ್ತಿ ಹಿಂಜುವ ಪಿಂಜಾರ ಮುದುಕನೊಬ್ಬ ಬರುತ್ತಾನೆ. ಅವನ ಬಾಯಲ್ಲಿ ನಾವು ಒಡಕು ಉರ್ದುವನ್ನು ಇಟ್ಟಿದ್ದೆವು, ಓದುಗರು ನಗಲೆಂದು. ನಕ್ಕರು ಕೂಡ. ಕೆಲವು ದಿನಗಳಲ್ಲಿ ಒಂದು ಕಾರ್ಡು ಬಂತು. ‘ಅಣ್ಣಾರ, ನಮ್ಮ ಮನಿ ಮಾತು ಕನ್ನಡ. ನಮ್ಮಪ್ಪ ಮಸೂತಿಗೆ ಹ್ವಾದಾಗಷ್ಟ ನಾಕು ಮಾತು ಉರ್ದು ಆಡ್ತಿದ್ದ, ಅದೂ ನಿಮ್ಮಂಥಾವ್ರು ನಗ್ತಾರಂತ ಅಂಜಿಕೋತ. ಆ ಅಂಜಿಕೀನ ನೀವು ನಗಿಗೆ ಬರದೀರಿ.’

ನಾವು ಉತ್ತರ ಬರೆಯಲಿಲ್ಲ. ಎರಡನೆಯ ಮುದ್ರಣದ ಹೊತ್ತಿಗೆ ಮುದುಕನ ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿದೆವು. ಕಥೆ ಚೆನ್ನಾಯಿತು. ಒಬ್ಬ ವಿಮರ್ಶಕರು ಆ ಮುದುಕನ ಮಾತಿನ ಸೊಗಸನ್ನು, ಆ ಜನರನ್ನು ನಾವು ಬಲ್ಲ ಬಗೆಯನ್ನು ಮೆಚ್ಚಿ ಬರೆದಾಗ ನಾವು ಸುಮ್ಮನೆ ತಲೆದೂಗಿದೆವು. ತಿಳಿವಳಿಕೆ ಕಾರ್ಡು ಬರೆದವರದು, ಹೆಸರು ನಮ್ಮದಾಯಿತು. ಮೊದಲ ಮುದ್ರಣ ಕೊಂಡು ನಕ್ಕವರಿಗೆ ಅವರು ನಕ್ಕದ್ದು ನಮ್ಮ ತಪ್ಪಿಗೆ ಎಂದು ಇಂದಿಗೂ ಗೊತ್ತಿಲ್ಲ.

ಈಗ ಮೂರನೆಯ ಮುದ್ರಣದ ಮಾತು ನಡೆದಿದೆ. ಹಳೆಯ ಸಂಭಾಷಣೆ, ಕಾರ್ಡಿನ ಮಾತು, ನಾವು ಬದಲಿಸಿದ್ದು ಏನು, ಇಷ್ಟನ್ನೂ ಪುಸ್ತಕದ ಕೊನೆಗೆ ಹಾಕಬೇಕೆಂದು ಕೇಳಿದ್ದೇವೆ. ಎರಡು ಪುಟ ಹೆಚ್ಚಾದರೆ ಫಾರಂ ಲೆಕ್ಕ ತಪ್ಪುತ್ತದೆ, ಬೆನ್ನುಡಿ ಚಿಕ್ಕದು ಮಾಡಿದರೆ ನೋಡೋಣ ಎಂದಿದ್ದಾರೆ ಪ್ರಕಾಶಕರು. ಬೆನ್ನುಡಿಯಲ್ಲಿರುವುದು ಆ ವಿಮರ್ಶಕರ ಮೆಚ್ಚುಗೆಯೇ. ಅದನ್ನು ತೆಗೆಯಲು ಹೇಳಿ ಕಾಗದ ಹಾಕಿದ್ದೇವೆ. ಕಾರ್ಡಿನ ಮೂಲೆಯಲ್ಲಿದ್ದ ವಿಳಾಸಕ್ಕೂ ಒಂದು ಕಾಗದ ಹೋಗಿದೆ, ಬಹಳ ತಡವಾಗಿ.