ಸಹಿಯ ಕೆಳಗಿನ ವಾಕ್ಯ

ಅತ್ತಾವರದ ಗೃಹಸ್ಥರೊಬ್ಬರು ನಡುವಯಸ್ಸಿನಲ್ಲಿ ಪಿಟೀಲು ಕಲಿಯುವ ಅಪೇಕ್ಷೆಯಿಂದ ಮಂಗಳೂರಿನ ಸಂಗೀತಶಾಲೆಯೊಂದಕ್ಕೆ ಬರೆದ ಇ-ಮೇಲು ನಮ್ಮ ಸ್ನೇಹವಲಯದಲ್ಲಿ ಒಬ್ಬರಿಂದೊಬ್ಬರಿಗೆ ಸಾಗಿ, ವಿಚಾರಣಾಪತ್ರಕ್ಕೆ ಮಾದರಿಯೆಂಬ ಕೀರ್ತಿಯನ್ನು ಪಡೆದಿದೆ. ಹೊಸಬರ ಬ್ಯಾಚು ಎಂದಿನಿಂದ, ಸಂಜೆ ಕಚೇರಿ ಮುಗಿದ ಮೇಲೆ ತರಗತಿ ಉಂಟೆ, ತಿಂಗಳ ಶುಲ್ಕವೆಷ್ಟು, ವಾದ್ಯವನ್ನು ತಾವೇ ತರಬೇಕೆ ಎಂಬ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಿ, ತಮಗೆ ಸಂಗೀತದ ಪರಿಚಯವೇನೂ ಇಲ್ಲವೆಂದು ಹೇಳಿ, ಅವರು ಪತ್ರವನ್ನು ಮುಗಿಸಿದ್ದಾರೆ. ಇದರ ಸಂಕ್ಷಿಪ್ತತೆಯನ್ನು ಎಲ್ಲರೂ ಕೊಂಡಾಡುತ್ತಾರೆ. ನನ್ನ ಮತದಲ್ಲಿ ಈ ಪ್ರಶಂಸೆ ಸಂದಿರುವುದು ಪತ್ರದ ದುರ್ಬಲವಾದ ಭಾಗಕ್ಕೆ. ಅದರ ಸತ್ತ್ವವಿರುವುದು ಸಹಿಯ ಕೆಳಗೆ ಸಂಕೋಚದಿಂದ ಸೇರಿಸಿದ ಒಂದು ವಾಕ್ಯದಲ್ಲಿ. ಮಾದರಿಪ್ರತಿಯನ್ನು ಸಿದ್ಧಪಡಿಸಿದ ಮಿತ್ರರು ಅದನ್ನೇ ಅನಾವಶ್ಯಕವೆಂದು ತೆಗೆದುಹಾಕಿದ್ದಾರೆ.

ಚಿಕ್ಕಂದಿನಲ್ಲಿ ಶನಿವಾರದ ಭಜನೆಗಳಲ್ಲಿ ಹಾಡುತ್ತಿದ್ದೆ, ಹಾರ್ಮೋನಿಯಮ್ಮಿನ ಶ್ರುತಿಗೆ ಕಂಠ ಸೇರದಿದ್ದಾಗ ನನಗೇ ತಿಳಿಯುತ್ತಿತ್ತು ಎಂಬುದು ಆ ವಾಕ್ಯದ ತಾತ್ಪರ್ಯ. ಪರಿಚಯವಿಲ್ಲವೆಂದು ಮೇಲೆ ಬರೆದ ಮನುಷ್ಯನೇ ಇಲ್ಲಿ, ತನಗರಿವಿಲ್ಲದೆ, ಪಿಟೀಲಿಗೆ ಬೇಕಾದ ಮುಖ್ಯವಾದ ಅರ್ಹತೆಯನ್ನು ತಿಳಿಸಿಬಿಟ್ಟಿದ್ದಾನೆ. ವೀಣೆಗಿರುವಂತೆ ಈ ವಾದ್ಯಕ್ಕೆ ಮೆಟ್ಟಿಲುಗಳಿಲ್ಲ. ಕರ್ನಾಟಕ ಪದ್ಧತಿಯಲ್ಲಿ ನಾಲ್ಕು ತಂತಿಗಳನ್ನು ದಪ್ಪನೆಯದರಿಂದ ಮೊದಲ್ಗೊಂಡು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮಗಳಿಗೆ ಶ್ರುತಿ ಮಾಡಿಕೊಟ್ಟು, ಮಾಯಾಮಾಳವಗೌಳದ ಸರಳೆವರಸೆಯನ್ನು ಆರಂಭಿಸುತ್ತಾರೆ. ಮೂರನೆಯ ತಂತಿಯನ್ನು ಬೆರಳಿಡದೆ ನುಡಿಸಿದರೆ ಷಡ್ಜ. ತೋರುಬೆರಳನ್ನು ತಂತಿಯ ಮೇಲ್ತುದಿಗೆ ತೀರ ಸಮೀಪದಲ್ಲಿ ಇಟ್ಟರೆ ಶುದ್ಧ ರಿಷಭ. ಅಲ್ಲಿಂದ ಮಧ್ಯದ ಬೆರಳನ್ನು ಬಹಳ ದೂರ ಚಾಚಿದರೆ ಅಂತರ ಗಾಂಧಾರ. ಅದಕ್ಕೆ ಒತ್ತಿಕೊಂಡಂತೆ ಉಂಗುರಬೆರಳಿಗೆ ಮಧ್ಯಮ. ನಾಲ್ಕನೆಯ ತಂತಿಯಲ್ಲಿ ಇದೇ ಅಂತರಗಳು ಪುನರಾವೃತ್ತವಾಗಿ ಪಂಚಮದಿಂದ ತಾರ ಷಡ್ಜಕ್ಕೆ ಮುಟ್ಟುತ್ತವೆ. ಕಂಠಕ್ಕಾಗಿ ನಡೆದುಬಂದ ಪಾಠಕ್ರಮವೊಂದು, ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ನಮ್ಮ ಸಂಗೀತಕ್ಕೆ ಬಂದ ಈ ವಿದೇಶೀ ವಾದ್ಯದಲ್ಲಿ ಒಂದೇ ಹಸ್ತವಿನ್ಯಾಸವನ್ನು ಎರಡು ಸಲ ಅಭ್ಯಾಸ ಮಾಡಿಸುವಂತೆ ಒದಗಿಬಂದದ್ದು ನನಗೆ ಇಂದಿಗೂ ಸಂತೋಷದ ವಿಷಯ.

ಪ್ರೌಢರ ಕೈ ಸೋಲುವುದು ಬಹುಮಟ್ಟಿಗೆ ಆ ಗಾಂಧಾರದಲ್ಲಿ. ಬಿಗಿದ ಬೆರಳು ಪೂರ್ತಿ ಚಾಚದೆ ಸ್ವರವು ತುಸು ಇಳಿದು ನಿಲ್ಲುತ್ತದೆ. ಗುರುಗಳು ಗುರುತಿಗಾಗಿ ಹಲಗೆಯ ಮೇಲೆ ಕಾಗದದ ಪಟ್ಟಿಯನ್ನು ಅಂಟಿಸಿಕೊಟ್ಟರೂ ಅದು ಬೆರಳಿನ ಸ್ಥೂಲಸ್ಥಾನವನ್ನು ಹೇಳೀತೇ ಹೊರತು ಸ್ವರವನ್ನು ಹೇಳಲಾರದು. ತಪ್ಪಿದುದನ್ನು ಅರಿಯಬೇಕಾದದ್ದು ಕಿವಿ. ವಾದ್ಯವೇ ಸಾಕ್ಷಿ ನುಡಿಯುವ ಸ್ಥಾನಗಳೂ ಉಂಟು: ನಾಲ್ಕನೆಯ ತಂತಿಯಲ್ಲಿ ತಾರ ಷಡ್ಜವು ಸರಿಯಾಗಿ ಬಿದ್ದರೆ ಪಕ್ಕದ ಮಧ್ಯ ಷಡ್ಜದ ತಂತಿ, ಕಮಾನು ಸೋಕದೆಯೇ, ಅನುರಣಿಸುತ್ತದೆ, ಕೂದಲೆಳೆಯಷ್ಟು ತಪ್ಪಿದರೂ ಆ ಅನುರಣನ ಅಡಗಿಹೋಗುತ್ತದೆ. ಆದರೆ ಗಾಂಧಾರಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿಯಿಲ್ಲ. ಅಲ್ಲಿ ಹಾಡಿ ನೋಡಿಕೊಂಡು ಬೆರಳನ್ನು ತಿದ್ದಬೇಕು. ಬಾಲ್ಯದ ಭಜನೆಯಲ್ಲಿ ಶ್ರುತಿಭ್ರಂಶವನ್ನು ತಾನೇ ಗುರುತಿಸಿದವನಿಗೆ ಈ ತಿದ್ದುಪಡಿ ಸಾಧ್ಯ. ಆದುದರಿಂದಲೇ ಆ ವಾಕ್ಯವು ಪತ್ರದ ಶಿರಸ್ಸಿನಲ್ಲಿರಬೇಕಿತ್ತು.

ಸಂಕ್ಷಿಪ್ತತೆಯ ಪಕ್ಷಪಾತಿಗಳು ಇದಕ್ಕೆ, ಶಾಲೆಯವರಿಗೆ ದಿನಕ್ಕೆ ಹತ್ತಾರು ಪತ್ರಗಳು ಬರುತ್ತವೆ, ಆತ್ಮಕಥೆಯನ್ನು ಓದಲು ಯಾರಿಗೆ ಪುರಸೊತ್ತು ಎನ್ನುತ್ತಾರೆ. ಶುಲ್ಕವನ್ನೂ ವೇಳೆಯನ್ನೂ ಒಂದು ದೂರವಾಣಿ ಕರೆಯಿಂದ ತಿಳಿಯಬಹುದು. ಬರೆದು ಮಾತ್ರ ಸಾವಧಾನವಾಗಿ ತಿಳಿಸಬಹುದಾದದ್ದನ್ನು ಕತ್ತರಿಸಿ, ಕೇಳಿ ತಿಳಿಯಬಹುದಾದದ್ದನ್ನು ಉಳಿಸುವುದು ಎಂತಹ ವಿವೇಕ? ಬ್ಯಾಚಿನ ತರಗತಿಯಲ್ಲಿ ಎಲ್ಲರ ಪಿಟೀಲೂ ಒಂದೇ ಶ್ರುತಿಯಲ್ಲಿರಬೇಕು. ಆರು ಮಂದಿ ಹೊಸಬರಿದ್ದರೆ ಗುರುಗಳು ಇಪ್ಪತ್ತನಾಲ್ಕು ತಂತಿಗಳನ್ನು ಕೂಡಿಸಿದ ಬಳಿಕವಷ್ಟೇ ಪಾಠ. ಅವರಲ್ಲಿ ಯಾರ ಕಿವಿ ಸಿದ್ಧವಾಗಿದೆ, ಯಾರಿಗೆ ಮೊದಲು ಕೆಲವು ವಾರ ಹಾಡಿಸಬೇಕು ಎಂಬುದು ಮುಂದಾಗಿ ತಿಳಿದಿದ್ದರೆ ಗಂಟೆಯ ತರಗತಿ ವ್ಯರ್ಥವಾಗದು. ಪ್ರಾಯ ಸಂದವರಿಗೆ ಪಿಟೀಲು ಒಲಿಯದೆಂದು ಅಪ್ಪಣೆ ಕೊಡುವ ಇನ್ನೊಂದು ಪಂಥದವರು ಕೈಯನ್ನು ಮಾತ್ರ ನೋಡಿದ್ದಾರೆ, ಕಿವಿಯನ್ನು ಕೇಳಿಲ್ಲ.

ಪತ್ರದಲ್ಲಿ ಗುಣವೂ ಇದೆ: ಕೊಳ್ಳುವ ಮೊದಲು ವಾದ್ಯದ ವಿಷಯವನ್ನು ಕೇಳಿದ್ದು ಉಚಿತ. ಆದರೆ ಕರ್ನಾಟಕ ಪದ್ಧತಿಯೋ ಪಾಶ್ಚಾತ್ಯವೋ ಎಂಬುದನ್ನು ಅವರು ಹೇಳಲಿಲ್ಲ. ಎರಡನ್ನೂ ಕಲಿಸುವವರಿರುವ ಈ ಊರಿನಲ್ಲಿ ಇದು ಸಣ್ಣ ಲೋಪವಲ್ಲ. ಒಂದರಲ್ಲಿ ವಾದ್ಯವನ್ನು ಗಲ್ಲಕ್ಕೂ ಭುಜಕ್ಕೂ ನಡುವೆ ಹಿಡಿದು ನಿಲ್ಲಬೇಕು. ಇನ್ನೊಂದರಲ್ಲಿ ನೆಲದ ಮೇಲೆ ಕಾಲು ಮಡಿಸಿ ಕುಳಿತು, ವಾದ್ಯದ ಸುರುಳಿಯನ್ನು ಬಲಪಾದದ ಗಂಟಿಗೆ ಆನಿಸಿದರಷ್ಟೇ ಎಡಗೈ ಗಮಕಕ್ಕಾಗಿ ನಿರಾತಂಕವಾಗಿ ಜಾರೀತು. ಗಂಟೆಗಟ್ಟಲೆ ಕುರ್ಚಿಯಲ್ಲಿ ಕುಳಿತು ದುಡಿಯುವವರಿಗೆ ಮೊದಲ ತಿಂಗಳಿನ ಕಷ್ಟ ಮೊಣಕಾಲಿನದು. ನೆಲದಲ್ಲಿ ಕೂರಲು ಆಗುವುದೇ, ಆಗದಿದ್ದರೆ ಗುರುಗಳು ಬೇರೆ ಏರ್ಪಾಡಿಗೆ ಒಪ್ಪುವರೇ ಎಂಬ ಪ್ರಶ್ನೆಯನ್ನು ಶುಲ್ಕದ ಪ್ರಶ್ನೆಯ ಜಾಗದಲ್ಲಿಟ್ಟು, ಕತ್ತರಿಸಿದ ವಾಕ್ಯವನ್ನು ಮೇಲಕ್ಕೆ ತಂದು, ಪರಿಚಯವಿಲ್ಲವೆಂಬ ಸುಳ್ಳು ವಿನಯವನ್ನು ಅಳಿಸಿದ ಪ್ರತಿಯನ್ನು ಹಂಚುವುದಾದರೆ ಅದನ್ನು ಮಾದರಿಯೆನ್ನಲು ನನ್ನ ಆಕ್ಷೇಪವಿಲ್ಲ.