ಒಂದು ಜಿಬಿಯ ನಿಜ ಬೆಲೆ: 479 ಮತ್ತು 799 ರೂಪಾಯಿಯ ಎರಡು ಪ್ಲಾನ್‌ಗಳ ಪರಿಶೀಲನೆ

ಭಾರತದ ದೂರಸಂಪರ್ಕ ಕಂಪನಿಗಳು 2024ರ ಜುಲೈ ಮೊದಲ ವಾರದಲ್ಲಿ ಪ್ರೀಪೇಯ್ಡ್ ದರಗಳನ್ನು ಏರಿಸಿದಾಗ ಜಿಯೋ ಪ್ರಕಟಿಸಿದ ದರಪಟ್ಟಿಯಲ್ಲಿ, 84 ದಿನಗಳ ವ್ಯಾಲಿಡಿಟಿ ಇರುವ, ಎಂದರೆ ರೀಚಾರ್ಜ್ ಮಾಡಿಸಿದ ದಿನದಿಂದ ಅಷ್ಟು ದಿನ ಚಾಲ್ತಿಯಲ್ಲಿರುವ, ಎರಡು ಪ್ಲಾನ್‌ಗಳು ಹೋಲಿಕೆಗೆ ತಕ್ಕಂತಿವೆ. ಮೊದಲನೆಯದಕ್ಕೆ 479 ರೂಪಾಯಿ. ಅದರಲ್ಲಿ ಇಡೀ ಅವಧಿಗೆ ಒಟ್ಟು 6 ಜಿಬಿ ಡೇಟಾ. ಎರಡನೆಯದಕ್ಕೆ 799 ರೂಪಾಯಿ. ಅದರಲ್ಲಿ ದಿನಕ್ಕೆ 1.5 ಜಿಬಿ. ಕರೆಗಳಿಗೆ ಎರಡರಲ್ಲೂ ಮಿತಿಯಿಲ್ಲ. ಅವಧಿ ಒಂದೇ, ಕಂಪನಿ ಒಂದೇ, ಕರೆಯ ಸೌಲಭ್ಯವೂ ಒಂದೇ ಆಗಿರುವುದರಿಂದ ಡೇಟಾದ ಬೆಲೆಯನ್ನು ಬೇರೆ ಗೊಂದಲಗಳಿಲ್ಲದೆ ಪರೀಕ್ಷಿಸಲು ಈ ಜೋಡಿ ಅನುಕೂಲಕರವಾಗಿದೆ. ದರಪಟ್ಟಿಗಳು ಆಗಾಗ ಬದಲಾಗುತ್ತವೆ. ಇಲ್ಲಿ ಮುಖ್ಯವಾದದ್ದು ಲೆಕ್ಕದ ಕ್ರಮ.

ಜಾಹೀರಾತುಗಳು ಸೂಚಿಸುವ ಲೆಕ್ಕ ಸರಳವಾದದ್ದು: ಬೆಲೆಯನ್ನು ಒಟ್ಟು ಜಿಬಿಯಿಂದ ಭಾಗಿಸಬೇಕು. 479ನ್ನು 6ರಿಂದ ಭಾಗಿಸಿದರೆ ಒಂದು ಜಿಬಿಗೆ 79 ರೂಪಾಯಿ 83 ಪೈಸೆ. 84 ದಿನಗಳ 126 ಜಿಬಿಯಿಂದ 799ನ್ನು ಭಾಗಿಸಿದರೆ 6 ರೂಪಾಯಿ 34 ಪೈಸೆ. ಮೊದಲನೆಯದು ಹನ್ನೆರಡು ಪಟ್ಟಿಗಿಂತ ಹೆಚ್ಚು ದುಬಾರಿ ಎಂದು ತೋರುವ ಈ ಹೋಲಿಕೆಯಲ್ಲಿ ಎರಡು ದೋಷಗಳಿವೆ. ಪ್ಲಾನಿನ ಪೂರ್ತಿ ಬೆಲೆಯನ್ನು ಅದು ಡೇಟಾದ ಖಾತೆಗೇ ಬರೆಯುತ್ತದೆ. ಕೊಡುವುದಾಗಿ ಹೇಳಿದ ಡೇಟಾ ಅಷ್ಟೂ ಬಳಕೆಯಾಗುತ್ತದೆ ಎಂದು ಭಾವಿಸುತ್ತದೆ.

ಮೊದಲ ದೋಷವನ್ನು ತಿದ್ದಲು ಎರಡು ಪ್ಲಾನ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ನೋಡಿದರೆ ಸಾಕು. ಮಿತಿಯಿಲ್ಲದ ಕರೆ ಮತ್ತು 84 ದಿನಗಳ ಚಾಲ್ತಿ ಎರಡಕ್ಕೂ ಸಮಾನವಾಗಿರುವುದರಿಂದ ಹೆಚ್ಚಿಗೆ ತೆರುವ 320 ರೂಪಾಯಿ ಹೆಚ್ಚಿನ 120 ಜಿಬಿಗೆ ಮಾತ್ರ ಸಲ್ಲುತ್ತದೆ, ಅಂದರೆ ಒಂದು ಜಿಬಿಗೆ 2 ರೂಪಾಯಿ 67 ಪೈಸೆ. ಹೆಚ್ಚುವರಿ ಡೇಟಾ ಇಷ್ಟು ಅಗ್ಗವಾಗಿದೆ ಎಂದ ಮೇಲೆ 479ರಲ್ಲಿ ಬಹುಪಾಲು ಕರೆಗೂ ನಂಬರ್ ಚಾಲ್ತಿಯಲ್ಲಿರುವುದಕ್ಕೂ ಸಂದಾಯವಾಗುತ್ತಿದೆಯೆಂದೇ ತಿಳಿಯಬೇಕು. ಕರೆ ಮತ್ತು ಡೇಟಾ ಎಂಬ ಎರಡು ಬಗೆಯ ಸೇವೆಗಳ ಬೆಲೆ ಬೆಸೆದುಕೊಂಡಿರುವುದು ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ಗಮನಕ್ಕೂ ಬಂದಿತ್ತು. 2024ರ ಡಿಸೆಂಬರಿನಲ್ಲಿ ಅದು ಕರೆ ಮತ್ತು ಎಸ್‌ಎಂಎಸ್‌ಗಳಿಗಷ್ಟೇ ಸೀಮಿತವಾದ ಪ್ರತ್ಯೇಕ ವೋಚರುಗಳನ್ನು ಕಂಪನಿಗಳು ಕೊಡಲೇಬೇಕೆಂದು ನಿಯಮ ಮಾಡಿತು. ಆದರೆ ಡೇಟಾ ಇರುವ ಪ್ಲಾನನ್ನೇ ಕೊಳ್ಳುವವರಿಗೆ ಪಟ್ಟಿಯಲ್ಲಿ ಕಾಣುವುದು ಈಗಲೂ ಒಂದೇ ಮೊತ್ತ.

ಎರಡನೆಯ ದೋಷ ಹೆಚ್ಚು ಆಳವಾದದ್ದು. ದಿನದ ಮಿತಿ ಎಂದರೆ ಅಂದಿನ 1.5 ಜಿಬಿಯಲ್ಲಿ ಮಿಕ್ಕಿದ್ದು ಮಧ್ಯರಾತ್ರಿಗೆ ರದ್ದಾಗುತ್ತದೆ, ಮರುದಿನಕ್ಕೆ ಸೇರುವುದಿಲ್ಲ; ಮಿತಿ ಮೀರಿದರೆ ಸಂಪರ್ಕ ಕಡಿಯುವುದಿಲ್ಲವಾದರೂ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಎಂಟು ಬಿಟ್‌ಗಳು ಸೇರಿ ಒಂದು ಬೈಟ್ ಆಗುವುದರಿಂದ ಇದು ಸೆಕೆಂಡಿಗೆ 8 ಕಿಲೋಬೈಟ್ ಮಾತ್ರ. ಒಂದು ಎಂಬಿ ತೂಕದ ಚಿತ್ರ ತೆರೆಯಲು ಎರಡು ನಿಮಿಷಕ್ಕೂ ಮಿಕ್ಕಿ ಹಿಡಿಯುವ ಈ ವೇಗದಲ್ಲಿ ವಾಟ್ಸ್ಆ್ಯಪಿನ ಅಕ್ಷರ ಸಂದೇಶ ಹೋದೀತೇ ಹೊರತು ವಿಡಿಯೋ ಓಡುವುದಿಲ್ಲ. ಇದನ್ನೂ ‘ಅನ್‌ಲಿಮಿಟೆಡ್’ ಎಂಬ ಹೆಸರಿನಲ್ಲಿ ಮಾರುವುದು ಗ್ರಾಹಕನ ಜಾಣ್ಮೆಯನ್ನು ಕಡೆಗಣಿಸಿದಂತೆಯೇ ಸರಿ.

ಈ ಮಿತಿ ಬೆಲೆಯ ಮೇಲೆ ಮಾಡುವ ಪರಿಣಾಮವನ್ನು ಒಂದು ಊಹೆಯ ಬಳಕೆಯಿಂದ ಅಳೆಯಬಹುದು. ವಾರದ ಆರು ದಿನ 0.6 ಜಿಬಿ, ಭಾನುವಾರ ಸಿನಿಮಾ ಅಥವಾ ಕ್ರಿಕೆಟ್ ನೋಡುವುದರಿಂದ 3 ಜಿಬಿ ಬೇಕಾಗುವ ಬಳಕೆದಾರ 799ರ ಪ್ಲಾನ್ ಹಾಕಿಸಿಕೊಂಡಿದ್ದಾನೆ ಎಂದುಕೊಳ್ಳೋಣ. 84 ದಿನಗಳೆಂದರೆ ಹನ್ನೆರಡು ವಾರ. ಅದರಲ್ಲಿ 72 ಸಾಮಾನ್ಯ ದಿನಗಳಲ್ಲಿ ಆತ ಬಳಸುವುದು 43.2 ಜಿಬಿ, ಹನ್ನೆರಡು ಭಾನುವಾರಗಳಲ್ಲಿ ಪೂರ್ಣ ವೇಗದಲ್ಲಿ ದೊರೆಯುವುದು 18 ಜಿಬಿ, ಒಟ್ಟು 61.2 ಜಿಬಿ. ಉಳಿದ 64.8 ಜಿಬಿ, ಅಂದರೆ ಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, ಪ್ರತಿರಾತ್ರಿ ಸ್ವಲ್ಪಸ್ವಲ್ಪವೇ ರದ್ದಾಗಿರುತ್ತದೆ. 6 ರೂಪಾಯಿ 34 ಪೈಸೆಯ ಜಿಬಿ ಇಲ್ಲಿಗೇ 13 ರೂಪಾಯಿಗೆ ಏರಿತು. ಇಷ್ಟೊಂದು ಡೇಟಾ ವ್ಯರ್ಥವಾದ ಮೇಲೂ ಭಾನುವಾರಗಳಿಗೆ 18 ಜಿಬಿಯ ಕೊರತೆ ಉಳಿದೇ ಇರುತ್ತದೆ ಮತ್ತು ಅದನ್ನು ತುಂಬಲು ಆತ ಡೇಟಾ ವೋಚರ್, ಎಂದರೆ ಚಾಲ್ತಿಯಲ್ಲಿರುವ ಪ್ಲಾನಿನ ಮೇಲೆ ಹಾಕಿಸುವ ಬಿಡಿ ಡೇಟಾ ಪ್ಯಾಕ್, ಕೊಳ್ಳಬೇಕಾಗುತ್ತದೆ.

ವ್ಯಾಲಿಡಿಟಿಯ ಬೆಲೆ ಸ್ಪಷ್ಟವಾಗಿ ಗೋಚರಿಸುವುದು ಈ ವೋಚರುಗಳಲ್ಲಿಯೇ. 2024ರ ಜುಲೈ ಪಟ್ಟಿಯಲ್ಲಿ 19 ರೂಪಾಯಿಗೆ 1 ಜಿಬಿ, 29ಕ್ಕೆ 2 ಜಿಬಿ, 69ಕ್ಕೆ 6 ಜಿಬಿ ದೊರೆಯುತ್ತಿದ್ದವು ಮತ್ತು ಅವು ಮೂಲ ಪ್ಲಾನ್ ಮುಗಿಯುವವರೆಗೂ ಉಳಿಯುತ್ತಿದ್ದವು. ಆ ನಿಯಮದಂತೆ ಮೇಲಿನ ಬಳಕೆದಾರನಿಗೆ 69ರ ಮೂರು ವೋಚರುಗಳು, ಎಂದರೆ 207 ರೂಪಾಯಿ ಸಾಕಾಗುತ್ತಿತ್ತು. ಒಟ್ಟು 1,006 ರೂಪಾಯಿಗೆ 79.2 ಜಿಬಿ, ಒಂದು ಜಿಬಿಗೆ 12 ರೂಪಾಯಿ 70 ಪೈಸೆ. ಮುಂದೆ 19ರ ವೋಚರಿನ ಆಯುಷ್ಯ ಒಂದು ದಿನಕ್ಕೂ 29ರದ್ದು ಎರಡು ದಿನಕ್ಕೂ ಇಳಿಯಿತು. 69ರ ವೋಚರೂ ಏಳು ದಿನಕ್ಕೆ ಕುಗ್ಗಿದರೆ ಅದನ್ನು ಮುಂದಿನ ವಾರಕ್ಕೆ ಉಳಿಸಿಕೊಳ್ಳಲಾಗದೆ ಆತ ಪ್ರತಿ ಭಾನುವಾರ 29 ರೂಪಾಯಿಯಂತೆ ಹನ್ನೆರಡು ಬಾರಿ 348 ರೂಪಾಯಿ ಕೊಡಬೇಕಾಗುತ್ತದೆ. ಒಟ್ಟು ಖರ್ಚು 1,147ಕ್ಕೂ ಒಂದು ಜಿಬಿಯ ಬೆಲೆ 14 ರೂಪಾಯಿ 48 ಪೈಸೆಗೂ ಏರುತ್ತದೆ. ಮುದ್ರಿತ ಬೆಲೆಯಲ್ಲಿ ಒಂದು ಪೈಸೆಯೂ ಹೆಚ್ಚದೆ 141 ರೂಪಾಯಿ ಹೆಚ್ಚಾದಂತಾಯಿತು. ದರ ಏರಿಕೆ ಸುದ್ದಿಯಾಗುತ್ತದೆ. ಅವಧಿಯ ಇಳಿಕೆ ಅಷ್ಟಾಗಿ ಸುದ್ದಿಯಾಗುವುದಿಲ್ಲ.

ಇನ್ನು 479ರ ಪ್ಲಾನಿನ ಕಡೆಗೆ ನೋಡಿದರೆ, ಮನೆಯಲ್ಲಿ ವೈಫೈ ಇರುವ ಅಥವಾ ಮುಖ್ಯವಾಗಿ ಕರೆಗಾಗಿ ಫೋನ್ ಬಳಸುವ ವ್ಯಕ್ತಿಗೆ 84 ದಿನಗಳಲ್ಲಿ 12 ಜಿಬಿ ಬೇಕಾಗುತ್ತದೆ ಎಂದಾದರೆ, 2024ರ ಜುಲೈ ನಿಯಮದಂತೆ ಪ್ಲಾನಿನ ಅವಧಿಯವರೆಗೂ ಉಳಿಯುತ್ತಿದ್ದ 69ರ ಒಂದು ವೋಚರ್ ಸೇರಿ ಆತನ ಖರ್ಚು 548 ರೂಪಾಯಿ. ಒಂದು ಜಿಬಿಗೆ 45 ರೂಪಾಯಿ 67 ಪೈಸೆ ಎಂಬುದು ಕೇಳಲು ದುಬಾರಿಯೇ. ಆದರೆ ಅದೇ ವ್ಯಕ್ತಿ 799ರ ಪ್ಲಾನ್ ಹಾಕಿಸಿದ್ದರೆ ಅವೇ 12 ಜಿಬಿಗೆ ತಲಾ 66 ರೂಪಾಯಿ 58 ಪೈಸೆ ಕೊಟ್ಟಂತಾಗುತ್ತಿತ್ತು. ‘ಒಂದು ಜಿಬಿಗೆ ಎಷ್ಟು’ ಎಂಬ ಅಳತೆಯ ಮಿತಿಯೂ ಇಲ್ಲಿಯೇ ತಿಳಿಯುತ್ತದೆ: ಬಳಕೆ ಎರಡೂ ಪ್ಲಾನ್‌ಗಳಲ್ಲಿ ಒಂದೇ ಎಂದಿಟ್ಟುಕೊಂಡರೆ ಭಾಜಕ ಒಂದೇ ಆಗುವುದರಿಂದ ಕಡೆಗೆ ಹೋಲಿಕೆಯಾಗುವುದು ಒಟ್ಟು ಖರ್ಚು ಮಾತ್ರ. ಇವೆರಡು ಪ್ಲಾನ್‌ಗಳ ನಡುವಿನ ಗಡಿ ಎಲ್ಲಿದೆ ಎಂಬುದನ್ನೂ ಹೀಗೆಯೇ ಕಂಡುಕೊಳ್ಳಬಹುದು. 69ರ ವೋಚರುಗಳನ್ನಷ್ಟೇ ಕೊಳ್ಳುವುದಾದರೆ, ನಾಲ್ಕನ್ನು ಸೇರಿಸಿದಾಗ 479ರ ಪ್ಲಾನ್ 755 ರೂಪಾಯಿಗೆ 30 ಜಿಬಿ ಕೊಡುತ್ತದೆ, ಐದನೆಯದನ್ನು ಸೇರಿಸಿದೊಡನೆ ಮೊತ್ತ 824 ಆಗಿ 799ನ್ನು ದಾಟುತ್ತದೆ. ಆದ್ದರಿಂದ 84 ದಿನಗಳಲ್ಲಿ 30 ಜಿಬಿಯೊಳಗೆ, ಎಂದರೆ ದಿನಕ್ಕೆ ಸರಾಸರಿ 360 ಎಂಬಿಯೊಳಗೆ ಬಳಸುವವರಿಗೆ ಮೊದಲನೆಯದು, ಅದಕ್ಕೆ ಮೀರಿದವರಿಗೆ ಎರಡನೆಯದು ಅಗ್ಗ. ವೋಚರುಗಳ ಆಯುಷ್ಯ ಕುಗ್ಗಿದಷ್ಟೂ ಈ ಗಡಿ ಕೆಳಗೆ ಸರಿಯುತ್ತದೆ. ತನ್ನ ಬಳಕೆ ಎಷ್ಟೆಂದು ತಿಳಿಯಲು ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಮೊಬೈಲ್ ಡೇಟಾ ಬಳಕೆಯ ಪುಟವೇ ಸಾಕು. ವೈಫೈ ಮೂಲಕ ಹೋದ ಡೇಟಾವನ್ನು ಆ ಮೊತ್ತಕ್ಕೆ ಸೇರಿಸಬಾರದು.

ಮರೆಯಲ್ಲಿರುವ ಶುಲ್ಕಗಳು ಜನ ಶಂಕಿಸುವಷ್ಟು ದೊಡ್ಡವಲ್ಲ, ಆದರೆ ಎಲ್ಲಿ ಅಡಗಿವೆ ಎಂಬುದು ಗೊತ್ತಿರಬೇಕು. ಪ್ರೀಪೇಯ್ಡ್ ಬೆಲೆಯಲ್ಲಿ ಶೇ. 18ರ ಜಿಎಸ್‌ಟಿ ಸೇರಿಯೇ ಇರುತ್ತದೆ. 799ರಲ್ಲಿ ಸುಮಾರು 122 ರೂಪಾಯಿ ತೆರಿಗೆ. ಪೋಸ್ಟ್‌ಪೇಯ್ಡ್ ಬಾಡಿಗೆಗೆ ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಮೇಲೆ ಸೇರಿಸುವುದರಿಂದ ಎರಡನ್ನೂ ಹಾಗೆಯೇ ಎದುರುಬದುರು ಇಟ್ಟರೆ ಹೋಲಿಕೆ ತಪ್ಪುತ್ತದೆ. ಕೆಲವು ಪಾವತಿ ಆ್ಯಪ್‌ಗಳು ರೀಚಾರ್ಜಿನ ಮೇಲೆ ಒಂದೆರಡು ರೂಪಾಯಿ ಶುಲ್ಕ ಹಾಕುತ್ತವೆ. 799ರ ಮೇಲೆ ಇದು ನಗಣ್ಯ, 29ರ ವೋಚರಿನ ಮೇಲೆ ಎರಡು ರೂಪಾಯಿ ಎಂದರೆ ಶೇ. 7ರಷ್ಟು ಹೆಚ್ಚಳ, ಹನ್ನೆರಡು ಬಾರಿಗೆ 24 ರೂಪಾಯಿ. ಅಂಗಡಿಯಲ್ಲಿ ಕರೆನ್ಸಿ ಹಾಕಿಸುವವರಿಗೆ ಅಥವಾ ಕಂಪನಿಯ ಸ್ವಂತ ಆ್ಯಪ್ ಬಳಸುವವರಿಗೆ ಸಾಮಾನ್ಯವಾಗಿ ಈ ಹೊರೆ ಇರುವುದಿಲ್ಲ.

ಶುಲ್ಕಕ್ಕಿಂತ ಭಾರವಾದದ್ದು ಕ್ಯಾಲೆಂಡರಿನ ಲೆಕ್ಕ. 84 ಎಂಬುದು ಮೂರು ತಿಂಗಳಲ್ಲ, 28 ದಿನಗಳ ಮೂರು ಕಂತು; ನಾಲ್ಕು ರೀಚಾರ್ಜ್‌ಗಳಿಗೆ 336 ದಿನಗಳಷ್ಟೇ ಆಗಿ ವರ್ಷ ತುಂಬಲು 29 ದಿನ ಉಳಿಯುತ್ತವೆ. 28 ದಿನದ ಪ್ಲಾನ್ ಹಾಕಿಸುವವರು ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಣ ಕೊಡುತ್ತಾರೆ. ಈ ದೂರು ಬಲವಾದ ಮೇಲೆ ಟ್ರಾಯ್ 2022ರ ಜನವರಿಯಲ್ಲಿ, 30 ದಿನ ಅವಧಿಯ ಪ್ಲಾನನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಪ್ಲಾನನ್ನೂ ಪ್ರತಿ ಕಂಪನಿ ಇಟ್ಟಿರಬೇಕೆಂದು ಆದೇಶಿಸಿತು. ಆದರೆ 28ರ ಗುಣಕಗಳನ್ನು ನಿಷೇಧಿಸಲಿಲ್ಲ. ವರ್ಷದ ಲೆಕ್ಕ ಹಾಕುವವರು ಆದ್ದರಿಂದ ಬೆಲೆಯನ್ನು ದಿನಗಳಿಂದ ಭಾಗಿಸಿ 365ರಿಂದ ಗುಣಿಸಬೇಕು: 479ರ ಪ್ಲಾನಿಗೆ ಸುಮಾರು 2,081 ರೂಪಾಯಿ, 799ರದ್ದಕ್ಕೆ 3,472.

ಒಂದು ಅಂಶವನ್ನು ಈ ಹೋಲಿಕೆ ಹೊರಗಿಟ್ಟಿತ್ತು. ಅದೇ ಪಟ್ಟಿಯಲ್ಲಿ ದಿನಕ್ಕೆ 2 ಜಿಬಿಯ 84 ದಿನಗಳ ಪ್ಲಾನಿಗೆ 859 ರೂಪಾಯಿ ಇತ್ತು, ಮತ್ತು ಮಿತಿಯಿಲ್ಲದ 5ಜಿ ಸೌಲಭ್ಯ ಆಗ ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಹೆಚ್ಚಿನ ಪ್ಲಾನ್‌ಗಳಿಗಷ್ಟೇ ಸೀಮಿತವಾಗಿತ್ತು. ಭಾನುವಾರದ ಬಳಕೆದಾರ ಈ 60 ರೂಪಾಯಿ ಹೆಚ್ಚು ಕೊಟ್ಟರೆ ಆತನ ವಾರದ ಕೊರತೆ 1 ಜಿಬಿಗೆ ಇಳಿದು, 19ರ ಹನ್ನೆರಡು ವೋಚರುಗಳನ್ನು ಸೇರಿಸಿದರೂ ಒಟ್ಟು 1,087 ರೂಪಾಯಿ ಆಗುತ್ತದೆ, ಅಂದರೆ 799ರ ಪ್ಲಾನಿನೊಂದಿಗೆ ಆಗುವ 1,147ಕ್ಕಿಂತ 60 ರೂಪಾಯಿ ಕಡಿಮೆ. ಆತನ ಫೋನ್ 5ಜಿಯದಾಗಿ ಮನೆಯೊಳಗೆ ಆ ಸಿಗ್ನಲ್ ನಿಲ್ಲುವುದಾದರೆ ವೋಚರುಗಳ ಅಗತ್ಯವೇ ಬೀಳುವುದಿಲ್ಲ. ಸಿಗ್ನಲ್ 4ಜಿಗೆ ಜಾರುವ ಊರಿನಲ್ಲಿ ಆ ಸೌಲಭ್ಯಕ್ಕೆ ಕಿಮ್ಮತ್ತಿಲ್ಲ.

ಒಟ್ಟಿನಲ್ಲಿ 479ರ ಪ್ಲಾನ್ ತನ್ನ ಜಿಬಿ ದರ ಸೂಚಿಸುವಷ್ಟು ಕೆಟ್ಟದ್ದಲ್ಲ, 799ರದ್ದು ತನ್ನ ಜಿಬಿ ದರ ಸೂಚಿಸುವಷ್ಟು ಒಳ್ಳೆಯದಲ್ಲ. ಬಳಕೆ ದಿನದಿಂದ ದಿನಕ್ಕೆ ಏರುಪೇರಾಗುವವರಿಗಂತೂ ಎರಡನೆಯದು 859ರದ್ದಕ್ಕಿಂತ ದುರ್ಬಲ ಆಯ್ಕೆಯಾಗಬಹುದು. ಇಂಥ ಲೆಕ್ಕವನ್ನು ಗ್ರಾಹಕನೇ ಕುಳಿತು ಹಾಕಬೇಕಾಗಿರುವುದು ದರಪಟ್ಟಿಯ ಲೋಪ. ಪ್ಲಾನ್‌ಗಳ ವಿವರವನ್ನು ಟ್ರಾಯ್ ತನ್ನ ದರ ಪೋರ್ಟಲಿನಲ್ಲಿ ಒಟ್ಟುಗೂಡಿಸುತ್ತಲೇ ಇರುವುದರಿಂದ, ದಿನವೊಂದರ ಖರ್ಚು, ಮಿಕ್ಕ ಡೇಟಾ ರದ್ದಾಗುವ ಗಳಿಗೆ, ಮಿತಿ ಮೀರಿದ ಬಳಿಕದ ವೇಗ ಎಂಬ ಮೂರು ಸಂಗತಿಗಳನ್ನು ಬೆಲೆಯ ಪಕ್ಕದಲ್ಲಿ ಅದೇ ಗಾತ್ರದ ಅಕ್ಷರಗಳಲ್ಲಿ ನಮೂದಿಸುವಂತೆ ಅದು ಕಂಪನಿಗಳಿಗೆ ಸೂಚಿಸಬೇಕು.