ಅಳಿಸಿದ ಸದ್ದನ್ನು ಒಮ್ಮೆ ಕೇಳಿ ನೋಡಿ

ನೌಬಾದಿನ ಸುರಂಗ ಬಾವಿ, ಅಂದರೆ ಬಹಮನಿ ಕಾಲದ ಕರೇಜ್ ಬಗ್ಗೆ ಅಲ್ಲಿನ ಅಜ್ಜರೊಬ್ಬರ ಮಾತನ್ನು ಅವರ ಪಡಸಾಲೆಯಲ್ಲೇ ರೆಕಾರ್ಡ್ ಮಾಡಿದ್ದೆವು. ನಡುನಡುವೆ ಯಾರದೋ ಫೋನ್ ರಿಂಗಾಯಿತು, ಕುರ್ಚಿ ಕಿರುಗುಟ್ಟಿತು, ಪಕ್ಕದಲ್ಲಿ ಕೂತವರು ಕೆಮ್ಮಿದರು. ಈ ಮೂರನ್ನೂ ಸ್ಪೆಕ್ಟ್ರಲ್ ಎಡಿಟಿಂಗ್ ಒಂದೇ ರೀತಿ ಸಲೀಸಾಗಿ ತೆಗೆಯುತ್ತದೆ ಎಂಬ ನಂಬಿಕೆ ಸ್ಟುಡಿಯೋಗಳಲ್ಲಿದೆ. ನಾನದನ್ನು ಒಪ್ಪುವುದಿಲ್ಲ.

ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ ಕಾಲ ಅಡ್ಡಕ್ಕೆ ಹರಿಯುತ್ತದೆ, ಸದ್ದಿನ ಆವರ್ತನ ಕೆಳಗಿನಿಂದ ಮೇಲಕ್ಕೆ ಕಾಣುತ್ತದೆ, ಹೊಳಪು ಅದರ ಬಲ. ಫೋನಿನ ಸಾದಾ ರಿಂಗ್ ಇಲ್ಲಿ ನೇರವಾದ ತೆಳು ಗೆರೆಗಳಾಗಿ ಬೀಳುತ್ತದೆ. ವಿಂಡೋ ಗಾತ್ರವನ್ನು 4096ಕ್ಕೆ ಇಟ್ಟರೆ ಗೆರೆಗಳು ಇನ್ನೂ ಚೂಪಾಗುತ್ತವೆ. ಒಂದೊಂದನ್ನೂ ಹಿಡಿದು ಆಡಾಸಿಟಿಯಲ್ಲಿ Spectral edit multi tool ಹಾಕಿದರೆ ಮಾತಿಗೆ ಬಹುತೇಕ ಪೆಟ್ಟಿಲ್ಲ. ರಿಂಗ್‌ಟೋನ್ ಸಿನಿಮಾ ಹಾಡಾಗಿದ್ದರೆ ಮಾತ್ರ ಕೈಬಿಡಿ. ಅದೂ ಮನುಷ್ಯನ ದನಿಯೇ.

ಕುರ್ಚಿಯ ಕಿರುಗು ಬಾಗಿ ಏರುವ ಗೆರೆಗಳ ಗುಂಪು. ಬ್ರಷ್ ಇರುವ ತಂತ್ರಾಂಶದಲ್ಲಿ ಅದರ ಜಾಡನ್ನೇ ಹಿಡಿದು, ಅಳಿಸದೆ, ಸುಮಾರು 12 ಡೆಸಿಬೆಲ್ ತಗ್ಗಿಸುವುದು ಸಾಕು. ಪೂರ್ತಿ ಅಳಿಸಿದರೆ ಅಲ್ಲಿ ಕೋಣೆಯ ಮೆಲುಸದ್ದೂ ಸತ್ತು, ಕಿವಿಗೆ ಗುಂಡಿ ತಗಲುತ್ತದೆ.

ಕೆಮ್ಮೇ ಕಷ್ಟ. ಅದು ಕೆಳಗಿನಿಂದ ಮೇಲಿನವರೆಗೆ ನಿಂತ ಗೋಡೆ. ಅದರ ಹಿಂದೆ ಮಾತೂ ಸಿಕ್ಕಿಬಿದ್ದಿರುತ್ತದೆ. ಅದರ ಅಂಚು ಕಾಣಲು ವಿಂಡೋವನ್ನು 512ಕ್ಕೆ ಇಳಿಸಬೇಕು. ಕೆಮ್ಮು ಎರಡು ವಾಕ್ಯಗಳ ನಡುವೆ ಬಿದ್ದಿದ್ದರೆ, ಅದೇ ಪಡಸಾಲೆಯ ಖಾಲಿ ಸದ್ದಿನ ತುಂಡನ್ನು ಅಲ್ಲಿಗೆ ಹಾಕಿದರಾಯಿತು. ಕೆಮ್ಮು ನಿಂತ ಮೇಲೂ ಉಳಿಯುವ ಗೋಡೆಯ ಮರುದನಿಯನ್ನು ಸೇರಿಸಿ ತೆಗೆಯಲು ಮರೆಯಬೇಡಿ. ಆದರೆ ಕೆಮ್ಮು ‘ಸುರಂಗ’ ಎನ್ನುವ ಮಾತಿನ ಮೇಲೆಯೇ ಕುಳಿತಿದ್ದರೆ? ‘ಸ’ಕಾರದ ಬಲ ಹೆಚ್ಚಾಗಿ 4,000 ಹರ್ಟ್ಸ್‌ಗಿಂತ ಮೇಲಿದೆ, ಕೆಮ್ಮಿನ ಸಿಡಿತವೂ ಅಲ್ಲಿಗೆ ಮುಟ್ಟುತ್ತದೆ. ಒಂದನ್ನು ತೆಗೆದರೆ ಇನ್ನೊಂದು ಸವೆಯುತ್ತದೆ. ಸುತ್ತಲಿನ ಸದ್ದಿನಿಂದ ತುಂಬಿಸುವ ಸಾಧನಗಳು ಅಲ್ಲಿಗೆ ಹಾಕುವುದು ಅಂದಾಜನ್ನೇ ಹೊರತು ಅಜ್ಜನ ಮಾತನ್ನಲ್ಲ.

ತಿದ್ದಿದ್ದು ಹೆಚ್ಚಾಯಿತೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಮೂಲವನ್ನೂ ತಿದ್ದಿದ್ದನ್ನೂ ಕೂದಲೆಳೆಯಷ್ಟೂ ಸರಿಯದಂತೆ ಒಂದರ ಕೆಳಗೊಂದು ಇಟ್ಟು, ಒಂದಕ್ಕೆ Invert ಹಾಕಿ, ಎರಡನ್ನೂ ಒಟ್ಟಿಗೆ ನುಡಿಸಿ. ಒಂದೇ ಇದ್ದದ್ದು ಪರಸ್ಪರ ಅಳಿದು, ತಿದ್ದುವಾಗ ಬದಲಾದದ್ದು ಮಾತ್ರ ಕೇಳುತ್ತದೆ. ಅದರಲ್ಲಿ ಕೆಮ್ಮಿನ ಜೊತೆ ಅಜ್ಜನ ಸ್ವರವೂ ಬಂದರೆ ಕೈ ಅತಿಯಾಗಿದೆ.

ನನ್ನ ತೀರ್ಪು ಇಷ್ಟು: ಇಂಥ ದಾಖಲೆಗಳಲ್ಲಿ ಫೋನಿಗೆ ಕತ್ತರಿ ಹಾಕಿ, ಕುರ್ಚಿಯನ್ನು ತಗ್ಗಿಸಿ, ಮಾತಿನ ಮೇಲೆ ಬಿದ್ದ ಕೆಮ್ಮನ್ನು ಹಾಗೇ ಬಿಡಿ. ತಿದ್ದದ ಮೂಲ ಫೈಲನ್ನು ಮಾತ್ರ ಯಾವತ್ತೂ ಅಳಿಸಬೇಡಿ.